ಜಾಕೋಬಿ ಗೆದ್ದಿತು, ಗಾಸ್-ಸೈಡೆಲ್ ಹಿಂದೆ ಬಿತ್ತು: ತಪ್ಪು ಎಲ್ಲಿದೆ?

ಪ್ರಶ್ನೆ: ಜಾಕೋಬಿಗಿಂತ ಗಾಸ್-ಸೈಡೆಲ್ ಯಾವಾಗಲೂ ಬೇಗ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಆದರೆ 5x + 2y − 2z = 5, x + 5y + z = 7, 2x + 2y + 5z = 9 ಎಂಬ ಲೆಕ್ಕ ಮಾಡಿದಾಗ ಜಾಕೋಬಿ ಮೂರೇ ಸುತ್ತಿಗೆ ಸರಿಯಾದ ಉತ್ತರಕ್ಕೆ ಬಂತು, ಗಾಸ್-ಸೈಡೆಲ್ ಬರಲಿಲ್ಲ. ಮ್ಯಾಟ್ರಿಕ್ಸ್ ಡಯಾಗನಲಿ ಡಾಮಿನೆಂಟ್ ಆಗಿಯೇ ಇದೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಎಲ್ಲೂ ತಪ್ಪಿಲ್ಲ. ನಾನೂ ಕಾಗದದ ಮೇಲೆ ಮಾಡಿ ನೋಡಿದೆ. ತಪ್ಪಿರುವುದು "ಯಾವಾಗಲೂ" ಅನ್ನುವ ಆ ಒಂದು ಪದದಲ್ಲಿ.

ಮೊದಲು ಅಂಕಿಗಳನ್ನು ಎದುರಿಗೆ ಇಟ್ಟುಕೊಳ್ಳೋಣ. ಸರಿಯಾದ ಉತ್ತರ x = y = z = 1. ಎರಡೂ ವಿಧಾನದಲ್ಲಿ ಸೊನ್ನೆಗಳಿಂದಲೇ ಶುರು ಮಾಡೋಣ.

ಜಾಕೋಬಿಯಲ್ಲಿ ಒಂದು ಸುತ್ತು ಮುಗಿಯುವವರೆಗೆ ಹಳೆಯ ಬೆಲೆಗಳನ್ನು ಮುಟ್ಟುವುದಿಲ್ಲ. ಮೂರೂ ಹೊಸ ಬೆಲೆಗಳನ್ನು ಹಳೆಯ ಮೂರರಿಂದಲೇ ಲೆಕ್ಕ ಹಾಕಿ, ಆಮೇಲೆ ಒಟ್ಟಿಗೆ ಬದಲಿಸುತ್ತೇವೆ. ಮೊದಲ ಸುತ್ತಿಗೆ (1, 1.4, 1.8) ಸಿಗುತ್ತದೆ. ಎರಡನೆಯದಕ್ಕೆ (1.16, 0.84, 0.84). ಮೂರನೆಯದಕ್ಕೆ (1, 1, 1). ಹತ್ತಿರ ಹತ್ತಿರ ಅಲ್ಲ, ಕರಾರುವಾಕ್ಕಾಗಿ ಒಂದು.

ಗಾಸ್-ಸೈಡೆಲ್‌ನಲ್ಲಿ ಹೊಸ x ಸಿಕ್ಕ ಕೂಡಲೇ y ಲೆಕ್ಕಕ್ಕೆ ಅದನ್ನೇ ಹಾಕುತ್ತೇವೆ. z ಲೆಕ್ಕಕ್ಕೆ ಹೊಸ x, ಹೊಸ y ಎರಡನ್ನೂ. ಮೊದಲ ಸುತ್ತಿಗೆ (1, 1.2, 0.92). ಎರಡನೆಯದಕ್ಕೆ (0.888, 1.0384, 1.0294). ಮೂರನೆಯದಕ್ಕೆ (0.9964, 0.9948, 1.0035). ಚೆನ್ನಾಗಿಯೇ ಬರುತ್ತಿದೆ, ಆದರೆ ಇನ್ನೂ ಬಂದಿಲ್ಲ.

ಮುಂದೆ ಹೋಗುವ ಮೊದಲು ನಿಮ್ಮ ಪ್ರೋಗ್ರಾಂ ನಿಜವಾಗಲೂ ಜಾಕೋಬಿ ಮಾಡುತ್ತಿದೆಯಾ ಅಂತ ನೋಡಿಕೊಳ್ಳಿ. ನಿಮಗೆ ಮೂರೇ ಸುತ್ತಿಗೆ ಉತ್ತರ ಬಂದಿದ್ದರಿಂದ ಸರಿ ಇರಲೇಬೇಕು. ಆದರೆ ಇದೇ ಲೆಕ್ಕ ಮಾಡಿ "ನನಗೆ ಹಾಗೆ ಬರಲಿಲ್ಲ" ಎನ್ನುವವರೂ ಇರುತ್ತಾರೆ. ಅವರಿಗಾಗಿ ಹೇಳುತ್ತಿದ್ದೇನೆ. ಪೈಥಾನ್‌ನಲ್ಲಿ ಒಂದು ಸುತ್ತು ಹೀಗಿರುತ್ತದೆ:

```python
for i in range(n):
    s = sum(A[i][j]*x[j] for j in range(n) if j != i)
    new[i] = (b[i] - s) / A[i][i]
x = new[:]
```

ಕೊನೆಯ ಸಾಲಿನ `[:]` ಬಿಟ್ಟು ಸುಮ್ನೆ `x = new` ಅಂತ ಬರೆದರೆ ನಕಲು ಆಗುವುದಿಲ್ಲ. ಒಂದೇ ಪಟ್ಟಿಗೆ ಎರಡು ಹೆಸರು ಬರುತ್ತದೆ, ಅಷ್ಟೆ. ಆಗ ಮೊದಲ ಸುತ್ತು ಜಾಕೋಬಿ, ಎರಡನೆಯದರಿಂದ ಮುಂದೆಲ್ಲ ಗಾಸ್-ಸೈಡೆಲ್! ಯಾವ ಎರರ್ ಕೂಡ ಬರುವುದಿಲ್ಲ, ಉತ್ತರವೂ ಕೊನೆಗೆ ಸರಿಯಾಗಿಯೇ ಬರುತ್ತದೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ಹಿಡಿಯುವುದಕ್ಕೆ ನಿಮ್ಮ ಲೆಕ್ಕವೇ ಸಾಕು. ಎರಡನೆಯ ಸುತ್ತಿನಲ್ಲಿ y ನೋಡಿ. 0.84 ಇದ್ದರೆ ಅದು ಜಾಕೋಬಿ. 0.808 ಬಂದಿದ್ದರೆ ಹೊಸ x ನಡುವೆಯೇ ನುಸುಳಿದೆ ಅಂತ ಅರ್ಥ.

ಈಗ ಮುಖ್ಯ ಮಾತು. ಡಯಾಗನಲಿ ಡಾಮಿನೆಂಟ್ ಅಂದರೆ ಪ್ರತಿ ಸಾಲಿನಲ್ಲೂ ಕರ್ಣದ ಮೇಲಿರುವ ಸಂಖ್ಯೆ, ಚಿಹ್ನೆ ಬಿಟ್ಟು ನೋಡಿದರೆ, ಆ ಸಾಲಿನ ಉಳಿದ ಸಂಖ್ಯೆಗಳ ಮೊತ್ತಕ್ಕಿಂತ ದೊಡ್ಡದು. ನಿಮ್ಮ ಲೆಕ್ಕದಲ್ಲಿ 5 ದೊಡ್ಡದು 2 + 2ಕ್ಕಿಂತ. 5 ದೊಡ್ಡದು 1 + 1ಕ್ಕಿಂತ. ಮೂರನೆಯ ಸಾಲೂ ಹಾಗೆಯೇ. ಈ ಗುಣ ಏನನ್ನು ಖಾತ್ರಿ ಮಾಡುತ್ತದೆ ಅನ್ನುವುದನ್ನು ತಿಳಿಯಲು ಬೆಲೆಗಳನ್ನು ಬಿಟ್ಟು ತಪ್ಪುಗಳನ್ನು ನೋಡಬೇಕು. ತಪ್ಪು ಅಂದರೆ ಈಗ ಕೈಯಲ್ಲಿರುವ ಬೆಲೆಯಿಂದ ನಿಜವಾದ ಬೆಲೆಯನ್ನು ಕಳೆದದ್ದು. ಅದನ್ನು e ಅನ್ನೋಣ. ಬಲಗಡೆಯ 5, 7, 9 ಆಗ ಮಾಯವಾಗುತ್ತವೆ. ಮೊದಲ ಸಮೀಕರಣದಿಂದ ಸಿಗುವುದು ಇಷ್ಟೇ:

ಹೊಸ e₁ = −(2e₂ − 2e₃) / 5

ಈಗ ಮೂರು ತಪ್ಪುಗಳಲ್ಲಿ ಅತಿ ದೊಡ್ಡದು M ಅಂತ ಇಟ್ಟುಕೊಳ್ಳಿ. ಬಲಗಡೆ ಅತಿ ಕೆಟ್ಟದಾಗಿ ಕೂಡಿಕೊಂಡರೂ 2M + 2M ಮಾತ್ರ. ಐದರಿಂದ ಭಾಗಿಸಿದರೆ 0.8M. ಎರಡನೆಯ ಸಾಲಿನಲ್ಲಿ 0.4M, ಮೂರನೆಯದರಲ್ಲಿ 0.8M. ಅಂದರೆ ಒಂದು ಸುತ್ತು ಮುಗಿದ ಮೇಲೆ ಅತಿ ದೊಡ್ಡ ತಪ್ಪು ಹಳೆಯದರ ಶೇ. 80ಕ್ಕಿಂತ ಜಾಸ್ತಿ ಇರುವುದಕ್ಕೆ ಸಾಧ್ಯವೇ ಇಲ್ಲ. ಮುಂದಿನ ಸುತ್ತಿಗೆ ಅದರ ಶೇ. 80. ಹೀಗೇ ಕರಗುತ್ತಾ ಹೋಗುತ್ತದೆ. ಎಲ್ಲಿಂದ ಶುರು ಮಾಡಿದರೂ ಸರಿ. ಜಾಕೋಬಿ ಒಮ್ಮುಖ ಆಗುತ್ತದೆ ಅನ್ನುವ ಪ್ರಮೇಯದ ಸಾಧನೆ ಇಷ್ಟೇ. ಪುಸ್ತಕದಲ್ಲಿ ನಾರ್ಮ್‌ಗಳನ್ನು ಹಾಕಿ ಇದನ್ನೇ ಗಂಭೀರವಾಗಿ ಬರೆದಿರುತ್ತಾರೆ.

ಗಾಸ್-ಸೈಡೆಲ್‌ಗೂ ಇದೇ ವಾದ ನಡೆಯುತ್ತದೆ, ಇನ್ನೂ ಸ್ವಲ್ಪ ಚೆನ್ನಾಗಿ. ಮೊದಲ ಸಾಲಿಗೆ ಹೊಸ ಬೆಲೆ ಯಾವುದೂ ಸಿಕ್ಕಿರುವುದಿಲ್ಲ, ಹಾಗಾಗಿ ಅಲ್ಲಿ 0.8M ಹಾಗೇ ಉಳಿಯುತ್ತದೆ. ಎರಡನೆಯ ಸಾಲಿಗೆ ಬಂದಾಗ e₁ ಆಗಲೇ 0.8Mಗೆ ಇಳಿದಿದೆ. ಆದ್ದರಿಂದ e₂ ಹೆಚ್ಚೆಂದರೆ (0.8M + M)/5, ಅಂದರೆ 0.36M. ಮೂರನೆಯದಕ್ಕೆ ಎರಡೂ ಹೊಸವು: (2 × 0.8M + 2 × 0.36M)/5 = 0.464M. ಜಾಕೋಬಿಯ ಮಿತಿಗಳು 0.8, 0.4, 0.8 ಇದ್ದವು. ಇಲ್ಲಿ 0.8, 0.36, 0.464. ಮಿತಿ ಎಲ್ಲೂ ಹೆಚ್ಚಾಗಲಿಲ್ಲ, ಎರಡು ಕಡೆ ಕಡಿಮೆಯಾಯಿತು. ಎಲ್ಲ ಡಯಾಗನಲಿ ಡಾಮಿನೆಂಟ್ ಮ್ಯಾಟ್ರಿಕ್ಸ್‌ಗಳಲ್ಲೂ ಹೀಗೆಯೇ.

ಗೊಂದಲ ಹುಟ್ಟುವುದು ಇಲ್ಲೇ. ಈ ಹೋಲಿಕೆ ನೋಡಿ "ನೋಡಿ, ಗಾಸ್-ಸೈಡೆಲ್ ವೇಗ" ಅಂತ ಹೇಳಿಬಿಡುತ್ತಾರೆ. ಆದರೆ ನಾವು ಹೋಲಿಸಿದ್ದು ಮಿತಿಗಳನ್ನು. ತಪ್ಪು ಇದಕ್ಕಿಂತ ದೊಡ್ಡದಾಗದು ಅನ್ನುವುದು ಒಂದು ಮಾತು, ತಪ್ಪು ನಿಜವಾಗಿ ಎಷ್ಟಿದೆ ಅನ್ನುವುದು ಬೇರೆ ಮಾತು. ಮಿತಿ ಹಾಕುವಾಗ ನಾವು ಚಿಹ್ನೆಗಳನ್ನು ಬಿಸಾಡಿದ್ದೆವು, ನೆನಪಿದೆಯಾ? ನಿಮ್ಮ ಲೆಕ್ಕದ ಆಟವೆಲ್ಲ ಆ ಬಿಸಾಡಿದ ಚಿಹ್ನೆಗಳಲ್ಲಿದೆ.

ಜಾಕೋಬಿಯ ಎರಡನೆಯ ಸುತ್ತಿನ ತಪ್ಪುಗಳನ್ನು ನೋಡಿ: (0.16, −0.16, −0.16). ಈಗ ಮೂರನೆಯ ಸುತ್ತು. ಮೊದಲ ಸಾಲು 2e₂ − 2e₃ ಕೇಳುತ್ತದೆ. e₂, e₃ ಎರಡೂ ಒಂದೇ, ಆದ್ದರಿಂದ ಸೊನ್ನೆ. ಎರಡನೆಯ ಸಾಲು e₁ + e₃ ಕೇಳುತ್ತದೆ. ಒಂದು ಕೂಡು, ಒಂದು ಕಳೆ, ಮತ್ತೆ ಸೊನ್ನೆ. ಮೂರನೆಯ ಸಾಲು 2e₁ + 2e₂. ಅದೂ ಸೊನ್ನೆ. ಮೂರು ತಪ್ಪುಗಳೂ ಒಂದನ್ನೊಂದು ತಿಂದು ಮುಗಿಸಿದವು. ಮೂರೂ ಒಂದೇ ಹೊತ್ತಿನ ಬೆಲೆಗಳಾಗಿದ್ದರಿಂದ ಇದು ನಡೆಯಿತು.

ಇದೇ ಜಾಗದಿಂದ ಗಾಸ್-ಸೈಡೆಲ್ ಒಂದು ಸುತ್ತು ಹಾಕಲಿ. ಮೊದಲು e₁ ಸೊನ್ನೆ ಆಗುತ್ತದೆ. ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಎರಡನೆಯ ಸಾಲಿಗೆ ಹಳೆಯ 0.16 ಬೇಕಾಗಿತ್ತು, ಎದುರಿಗಿದ್ದ −0.16 ಹೊಡೆದುಹಾಕಲು! ಈಗ ಜೋಡಿ ಮುರಿದುಹೋಗಿದೆ. e₂ = −(0 − 0.16)/5 = 0.032 ಉಳಿದುಬಿಡುತ್ತದೆ. ಅದರಿಂದ e₃ಗೆ −0.0128. ಹೊಸ ಮಾಹಿತಿ ಬೇಗ ಬಳಸಿದ್ದೇ ಇಲ್ಲಿ ಕೆಲಸ ಕೆಡಿಸಿತು.

ಇದು ಸೊನ್ನೆಯಿಂದ ಶುರು ಮಾಡಿದ್ದರ ಅದೃಷ್ಟವೂ ಅಲ್ಲ. ಬೇರೆ ಯಾವ ಮೂರು ಸಂಖ್ಯೆಗಳಿಂದ ಬೇಕಾದರೂ ಶುರು ಮಾಡಿ, ಬಲಗಡೆ ಏನು ಬೇಕಾದರೂ ಇಡಿ. ನಿಮ್ಮ ಮ್ಯಾಟ್ರಿಕ್ಸ್‌ಗೆ ಜಾಕೋಬಿ ಮೂರನೆಯ ಸುತ್ತಿಗೆ ಉತ್ತರ ತಲುಪೇ ತಲುಪುತ್ತದೆ. ಕಾರಣ, ಜಾಕೋಬಿಯಲ್ಲಿ ತಪ್ಪನ್ನು ಒಂದು ಸುತ್ತಿನಿಂದ ಇನ್ನೊಂದಕ್ಕೆ ಒಯ್ಯುವ ಮ್ಯಾಟ್ರಿಕ್ಸ್ ಇದೆಯಲ್ಲ, ಅದನ್ನು ಮೂರು ಸಲ ಗುಣಿಸಿದರೆ ಸೊನ್ನೆ ಮ್ಯಾಟ್ರಿಕ್ಸ್ ಬರುತ್ತದೆ. ಅದರ ಐಗನ್‌ವ್ಯಾಲ್ಯೂಗಳೆಲ್ಲ ಸೊನ್ನೆ. ಗಾಸ್-ಸೈಡೆಲ್‌ನ ಅದೇ ಮ್ಯಾಟ್ರಿಕ್ಸ್‌ಗೆ λ² − 0.032λ + 0.032 = 0 ಅನ್ನುವ ಸಮೀಕರಣ ಸಿಗುತ್ತದೆ. ಅದರ ಬೇರುಗಳ ಗಾತ್ರ √0.032, ಅಂದರೆ ಸುಮಾರು 0.18. ಸರಾಸರಿ ಒಂದು ಸುತ್ತಿಗೆ ತಪ್ಪು 0.18 ಪಾಲಿಗೆ ಇಳಿಯುತ್ತದೆ. ಇದು ಕೆಟ್ಟ ವೇಗವೇನಲ್ಲ, ಸೊನ್ನೆಯ ಮುಂದೆ ಮಾತ್ರ ಸೋತಿತು.

ಈ ಲೆಕ್ಕ ಕೊಟ್ಟವರು ಬೇಕಂತಲೇ ಕೊಟ್ಟಿದ್ದಾರೆ ಅನ್ನುವುದು ನನ್ನ ಗುಮಾನಿ. ಕರ್ಣದ 5 ತೆಗೆದು ಮೂರು ಕಡೆಯೂ 1 ಇಟ್ಟು ನೋಡಿ, ಉಳಿದದ್ದು ಹಾಗೇ ಇರಲಿ. ಆಗ ಡಯಾಗನಲಿ ಡಾಮಿನೆಂಟ್ ಅನ್ನುವ ಆ ಪ್ರಾಬಲ್ಯ ಹೋಗುತ್ತದೆ. ಜಾಕೋಬಿ ಆಗಲೂ ಮೂರೇ ಸುತ್ತಿಗೆ ಮುಗಿಯುತ್ತದೆ. ಗಾಸ್-ಸೈಡೆಲ್ ಮಾತ್ರ ಹಿಡಿತ ತಪ್ಪಿ ಹಾರಿಹೋಗುತ್ತದೆ, ಐಗನ್‌ವ್ಯಾಲ್ಯೂ 2. ಸಂಖ್ಯಾ ವಿಶ್ಲೇಷಣೆ ಕಲಿಸುವವರು ತುಂಬಾ ಹಿಂದಿನಿಂದ ಬಳಸುವ ಉದಾಹರಣೆ ಅದು.

ಹಾಗಾದರೆ "ಗಾಸ್-ಸೈಡೆಲ್ ವೇಗ" ಅನ್ನುವ ಮಾತು ಪೂರ್ತಿ ಸುಳ್ಳಾ? ಅಲ್ಲ. ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ ಕರ್ಣದ ಹೊರಗಿರುವ ಎಲ್ಲ ಸಂಖ್ಯೆಗಳಿಗೂ ಮೈನಸ್ ಹಾಕಿ:

5x − 2y − 2z = 1
−x + 5y − z = 3
−2x − 2y + 5z = 1

ಉತ್ತರ ಈಗಲೂ (1, 1, 1). ಪ್ರಾಬಲ್ಯವೂ ಒಂಚೂರೂ ಬದಲಾಗಿಲ್ಲ, ಅದೇ 0.8, 0.4, 0.8. ಆದರೆ ಸೊನ್ನೆಯಿಂದ ಶುರು ಮಾಡಿದರೆ ಮೂರು ಸುತ್ತಿನ ನಂತರ ಜಾಕೋಬಿಯ ಅತಿ ದೊಡ್ಡ ತಪ್ಪು 0.32. ಗಾಸ್-ಸೈಡೆಲ್‌ನದು 0.14. ಈಗ ಫಲಿತಾಂಶ ಉಲ್ಟಾ. ಇಲ್ಲಿ ಎಲ್ಲ ತಪ್ಪುಗಳೂ ಒಂದೇ ಚಿಹ್ನೆಯವು, ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತವೆ. ಹೊಡೆದುಹಾಕುವ ಜೋಡಿಯೇ ಇಲ್ಲದ ಮೇಲೆ ಮುರಿಯುವುದೇನನ್ನು? ಚಿಕ್ಕದಾದ ಹೊಸ ತಪ್ಪನ್ನು ಬಳಸಿದಷ್ಟೂ ಲಾಭ.

ಸ್ಟೈನ್ ಮತ್ತು ರೋಸೆನ್‌ಬರ್ಗ್ ಎಂಬುವರು 1948ರಲ್ಲಿ ಸಾಧಿಸಿದ್ದು ಇದನ್ನೇ. ಕರ್ಣದಲ್ಲಿ ಪ್ಲಸ್, ಹೊರಗೆಲ್ಲ ಮೈನಸ್ ಅಥವಾ ಸೊನ್ನೆ ಇದ್ದರೆ ಎರಡೂ ವಿಧಾನಗಳು ಒಟ್ಟಿಗೆ ಗೆಲ್ಲುತ್ತವೆ ಅಥವಾ ಒಟ್ಟಿಗೆ ಸೋಲುತ್ತವೆ. ಗೆದ್ದರೆ ಗಾಸ್-ಸೈಡೆಲ್ ಹಿಂದೆ ಬೀಳುವುದಿಲ್ಲ. ಬಿಸಿ ಹರಡುವುದು, ಸರ್ಕ್ಯೂಟ್‌ನ ನೋಡ್ ವೋಲ್ಟೇಜ್, ಇಂಥ ಲೆಕ್ಕಗಳಲ್ಲಿ ಬರುವ ಮ್ಯಾಟ್ರಿಕ್ಸ್‌ಗಳು ಸಾಮಾನ್ಯವಾಗಿ ಈ ಬಗೆಯವು. ಅದಕ್ಕೇ ಎಂಜಿನಿಯರ್‌ಗಳಿಗೆ ಗಾಸ್-ಸೈಡೆಲ್ ಯಾವಾಗಲೂ ವೇಗ ಅನ್ನಿಸುವುದು. ನಿಮ್ಮ ಕ್ಲಾಸಿನ ಮಾತು ಬಂದದ್ದೂ ಅಲ್ಲಿಂದಲೇ ಇರಬೇಕು. ಬರೀ ಎರಡು ಸಮೀಕರಣ ಇದ್ದರಂತೂ ಚಿಹ್ನೆಯ ಪ್ರಶ್ನೆಯೇ ಇಲ್ಲ. ಗಾಸ್-ಸೈಡೆಲ್‌ನ ಒಂದು ಸುತ್ತು ಜಾಕೋಬಿಯ ಎರಡು ಸುತ್ತಿಗೆ ಸಮ.

ಹೆಸರಿನ ಬಗ್ಗೆ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಗಾಸ್ 1823ರಲ್ಲಿ ತನ್ನ ಶಿಷ್ಯ ಗೆರ್ಲಿಂಗ್‌ಗೆ ಬರೆದ ಪತ್ರದಲ್ಲಿ ಇಂಥ ಒಂದು ವಿಧಾನ ವಿವರಿಸುತ್ತಾನೆ. ಅರೆನಿದ್ದೆಯಲ್ಲೂ ಮಾಡಬಹುದು, ಬೇರೇನೋ ಯೋಚಿಸುತ್ತಲೂ ಮಾಡಬಹುದು ಅನ್ನುತ್ತಾನೆ. ಆದರೆ ಅವನು ಮಾಡುತ್ತಿದ್ದುದು 1, 2, 3 ಅಂತ ಸಾಲಾಗಿ ಅಲ್ಲ. ಯಾವ ಸಮೀಕರಣ ಜಾಸ್ತಿ ತಪ್ಪಿದೆಯೋ ಅದನ್ನು ಮೊದಲು ಸರಿ ಮಾಡುತ್ತಿದ್ದ. ಜಾಕೋಬಿಯ ಲೇಖನ 1845ರದ್ದು, ಸೈಡೆಲ್‌ನದು 1874ರದ್ದು. ಈ ವಿಧಾನ ಗಾಸ್‌ಗೆ ಗೊತ್ತಿರಲಿಲ್ಲ, ಸೈಡೆಲ್ ಶಿಫಾರಸು ಮಾಡಿರಲಿಲ್ಲ ಅಂತ ಗಣಿತಜ್ಞ ಜಾರ್ಜ್ ಫೋರ್ಸೈತ್ ಚಟಾಕಿ ಹಾರಿಸಿದ್ದು ಅದಕ್ಕೇ.

ಇನ್ನು ಪ್ರಾಬಲ್ಯದ ಬಗ್ಗೆ ಎರಡು ಎಚ್ಚರಿಕೆ. ಮೊದಲನೆಯದು ಚಿಕ್ಕದು. ಪ್ರಾಬಲ್ಯ ಇರುವುದು ಸಮೀಕರಣಗಳಲ್ಲಲ್ಲ, ಅವುಗಳನ್ನು ಬರೆದ ಕ್ರಮದಲ್ಲಿ. 4x + y = 6, x + 3y = 7 ತೆಗೆದುಕೊಳ್ಳಿ. ಉತ್ತರ x = 1, y = 2, ಸಲೀಸಾಗಿ ಬರುತ್ತದೆ. ಎರಡು ಸಾಲು ಅದಲು ಬದಲು ಮಾಡಿ, ಮೊದಲನೆಯದರಿಂದ x = 7 − 3y, ಎರಡನೆಯದರಿಂದ y = 6 − 4x ಅಂತ ಗಾಸ್-ಸೈಡೆಲ್ ಓಡಿಸಿ. ಸೊನ್ನೆಯಿಂದ ಹೊರಟರೆ ಮೊದಲು (7, −22), ಆಮೇಲೆ (73, −286). ಪ್ರತಿ ಸುತ್ತಿಗೆ ತಪ್ಪು 12 ಪಟ್ಟು ಹಿಗ್ಗುತ್ತದೆ. ಬೆಲೆಗಳು ಚಿಹ್ನೆ ಬದಲಿಸುತ್ತಾ ಅಥವಾ ಒಂದೇ ಕಡೆಗೆ ಹೀಗೆ ಸಿಡಿದರೆ ಮೊದಲು ಸಾಲುಗಳ ಕ್ರಮ ನೋಡಿ. ಹಾಗಂತ ಪ್ರಾಬಲ್ಯ ಇಲ್ಲದಿದ್ದರೆ ಸೋಲು ಖಚಿತ ಅಂತಲೂ ಅಲ್ಲ. ಕರ್ಣದಲ್ಲಿ 1, ಉಳಿದ ಎಲ್ಲ ಕಡೆ 0.8 ಇರುವ 3×3 ಮ್ಯಾಟ್ರಿಕ್ಸ್‌ನಲ್ಲಿ ಪ್ರಾಬಲ್ಯ ಇಲ್ಲ. ಅಲ್ಲಿ ಜಾಕೋಬಿ ಸಿಡಿಯುತ್ತದೆ, ಗಾಸ್-ಸೈಡೆಲ್ ಉತ್ತರಕ್ಕೆ ಬರುತ್ತದೆ. ಅದಕ್ಕೆ ಕಾರಣ ಬೇರೆ: ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಮತ್ತು ಪಾಸಿಟಿವ್ ಡೆಫಿನಿಟ್.

ಎರಡನೆಯ ಎಚ್ಚರಿಕೆಗೆ ಸ್ವಲ್ಪ ಜಾಗ ಬೇಕು, ಏಕೆಂದರೆ ನಾನೇ ಇಲ್ಲಿ ಬೇಸ್ತುಬಿದ್ದಿದ್ದೆ. ಒಂದು ಸರಳು, ಒಂದು ತುದಿ 100 ಡಿಗ್ರಿ, ಇನ್ನೊಂದು ಸೊನ್ನೆ. ನಡುವೆ 100 ಬಿಂದುಗಳು. ಪ್ರತಿ ಬಿಂದುವಿನ ಬಿಸಿ ಅಕ್ಕಪಕ್ಕದ ಎರಡರ ಸರಾಸರಿ. ಅಂದರೆ ಸಾಲಿನಲ್ಲಿ ಕರ್ಣಕ್ಕೆ 2, ಹೊರಗೆ −1, −1. ಎರಡು ದೊಡ್ಡದಾ 1 + 1ಕ್ಕಿಂತ? ಇಲ್ಲ, ಸಮ. ತುದಿಯ ಎರಡು ಸಾಲುಗಳಲ್ಲಿ ಮಾತ್ರ ಒಂದೇ −1 ಇರುವುದರಿಂದ ಕರ್ಣ ನಿಜವಾಗಿ ದೊಡ್ಡದು. ಅಷ್ಟೇ ಇದ್ದರೂ ಒಮ್ಮುಖ ಆಗುತ್ತದೆ, ಏಕೆಂದರೆ ತುದಿಯಲ್ಲಿ ತಪ್ಪು ಸೋರಿಹೋಗುತ್ತದೆ. ಆ ಸೋರಿಕೆ ಒಂದು ಬಿಂದುವಿನಿಂದ ಮುಂದಿನದಕ್ಕೆ ಹರಡಿ ಒಳಗಿನವರೆಗೂ ತಲುಪುತ್ತದೆ. ಎಲ್ಲ ಬಿಂದುಗಳೂ ಸರಪಳಿಯಂತೆ ಕೂಡಿಕೊಂಡಿರಬೇಕು, ಅದೊಂದೇ ಷರತ್ತು.

ಆದರೆ ಹರಡುವುದು ಆಮೆಗತಿಯಲ್ಲಿ. ಇಲ್ಲಿ ಜಾಕೋಬಿಯ ದರ cos(π/101), ಅಂದರೆ ಸುಮಾರು 0.99952. ಗಾಸ್-ಸೈಡೆಲ್‌ನದು ಅದರ ವರ್ಗ. ಉತ್ತರದಲ್ಲಿ ಒಂದೇ ಒಂದು ಅಂಕಿ ಹೆಚ್ಚು ಸರಿಯಾಗಲು ಜಾಕೋಬಿಗೆ ಸುಮಾರು 4,760 ಸುತ್ತು ಬೇಕು. ಗಾಸ್-ಸೈಡೆಲ್‌ಗೆ ಸರಿಯಾಗಿ ಅರ್ಧ. ನೀವು ಕೇಳಿದ್ದ "ವೇಗ" ಇಲ್ಲಿ ನಿಜ, ಆದರೆ 4,760ರ ಅರ್ಧ ಅಂದರೂ ಎಷ್ಟಾಯಿತು ನೋಡಿ!

ನಾನು ಮಾಡಿದ ತಪ್ಪು ನಿಲ್ಲಿಸುವ ಷರತ್ತಿನದು. ಎರಡು ಸುತ್ತುಗಳ ನಡುವಿನ ವ್ಯತ್ಯಾಸ 0.001 ಡಿಗ್ರಿಗಿಂತ ಕಡಿಮೆಯಾದರೆ ನಿಲ್ಲಿಸು ಅಂತ ಬರೆದಿದ್ದೆ. ಗಾಸ್-ಸೈಡೆಲ್ ನಿಂತಿತು. ಗ್ರಾಫ್ ಹಾಕಿದೆ. ನೇರ ಗೆರೆ ಬರಬೇಕಾಗಿದ್ದಲ್ಲಿ ನಡುವೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದಿತ್ತು, ಸುಮಾರು ಒಂದು ಡಿಗ್ರಿ. 0.001 ಎಲ್ಲಿ, 1 ಎಲ್ಲಿ? ಲೆಕ್ಕ ಹೀಗಿದೆ. ಪ್ರತಿ ಸುತ್ತಿಗೆ ತಪ್ಪು r ಪಾಲಿಗೆ ಇಳಿಯುತ್ತಿದ್ದರೆ, ಕೊನೆಯ ಬದಲಾವಣೆಯನ್ನು r/(1 − r)ರಿಂದ ಗುಣಿಸಿದಷ್ಟು ತಪ್ಪು ಇನ್ನೂ ಉಳಿದಿರುತ್ತದೆ. ಇಲ್ಲಿ ಅದು 1,030ರ ಆಸುಪಾಸು. ಬದಲಾವಣೆ ಚಿಕ್ಕದಾಗಿದ್ದು ಉತ್ತರ ಹತ್ತಿರ ಬಂದದ್ದರಿಂದಲ್ಲ, ನಡಿಗೆ ನಿಧಾನವಾದದ್ದರಿಂದ. ಅದೇ ಷರತ್ತಿನಲ್ಲಿ ಜಾಕೋಬಿ ಓಡಿಸಿದ್ದರೆ ಎರಡು ಡಿಗ್ರಿ ಜೋತುಬೀಳುತ್ತಿತ್ತು. (ಒಂದೇ ಸರಳಿಗೆ ಇದೆಲ್ಲ ಬೇಕಾಗಿಯೂ ಇರಲಿಲ್ಲ. ನೇರ ಎಲಿಮಿನೇಷನ್ ಒಂದೇ ಸಲಕ್ಕೆ ಮುಗಿಸುತ್ತದೆ. ಪಾಠಕ್ಕೆ ಅಂತ ಮಾಡಿದ್ದು.)

ನಿಮ್ಮ ಲೆಕ್ಕದಲ್ಲಿ ಇದೇ ಸೂತ್ರ ಹಾಕಿ ನೋಡಿ. ಪ್ರಾಬಲ್ಯದಿಂದ ಸಿಕ್ಕ ಮಿತಿ 0.8, ಹಾಗಾಗಿ 0.8/0.2, ಅಂದರೆ 4. ಗಾಸ್-ಸೈಡೆಲ್‌ನ ಮೂರನೆಯ ಸುತ್ತಿನಲ್ಲಿ ಅತಿ ದೊಡ್ಡ ಬದಲಾವಣೆ xನದು, 0.108. ಆದ್ದರಿಂದ ಉಳಿದ ತಪ್ಪು 0.434ಕ್ಕಿಂತ ಜಾಸ್ತಿ ಇಲ್ಲ ಅಂತ ಉತ್ತರ ಗೊತ್ತಿಲ್ಲದೆಯೇ ಹೇಳಬಹುದು. ನಿಜವಾದ ತಪ್ಪು 0.0052. ಮಿತಿ ತುಂಬಾ ಸಡಿಲ, ಆದರೆ ಸುಳ್ಳು ಹೇಳುವುದಿಲ್ಲ. ಸರಳಿನ ಲೆಕ್ಕದಲ್ಲಿ ಈ ಮಿತಿ 1 ಆಗುತ್ತದೆ, ಕೆಳಗೆ 1 − 1 ಬರುತ್ತದೆ, ಸೂತ್ರ ಕೈಕೊಡುತ್ತದೆ. ಅಂಥ ಕಡೆ ಸತತ ಎರಡು ಬದಲಾವಣೆಗಳನ್ನು ಭಾಗಿಸಿ r ಅಂದಾಜು ಮಾಡಿಕೊಳ್ಳಿ. ಅದು 0.999ರ ಹತ್ತಿರ ಬಂದರೆ 0.001 ಅನ್ನುವ ಷರತ್ತನ್ನು 0.000001ಕ್ಕೆ ಇಳಿಸಿ ಮತ್ತೆ ಓಡಿಸಬೇಕು.